ಅರ್ಧ ಬೆಲೆಯ ಆಕ್ಟಿವಾ, ಡಿಪೋ ಒಳಗಿನ 'ಸೈನಿಕ'

ಇವತ್ತು ನಾನೇ ಮೋಸ ಹೋದ ಕತೆ ಹೇಳ್ತೀನಿ.

ಕಾಂದಿವಲಿಗೆ ಬಂದ ಹೊಸತು. ಮಲಾಡಿನ ಆಫೀಸಿಗೆ ಓಡಾಡೋಕೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬೇಕಿತ್ತು. ಆನ್‌ಲೈನ್ ಜಾಹೀರಾತುಗಳಲ್ಲಿ ಅದೇ ಮಾಡೆಲ್ ಆಕ್ಟಿವಾಗೆ ಎಲ್ಲರೂ ನಲವತ್ತೈದು ಸಾವಿರ ಕೇಳ್ತಿದ್ರೆ, ಒಬ್ಬ ಮಾತ್ರ 22,000ಕ್ಕೆ ಹಾಕಿದ್ದ. ಫೋನ್ ಮಾಡಿದೆ. 'ನಾನು ಆರ್ಮಿಯವನು, ಕಾಂದಿವಲಿ ಆರ್ಡಿನೆನ್ಸ್ ಡಿಪೋದಲ್ಲಿದ್ದೀನಿ, ಜಮ್ಮುವಿಗೆ ವರ್ಗ ಆಗಿದೆ' ಅಂದ. ಐಡಿ ಕಾರ್ಡು, ಆರ್‌ಸಿ ಎರಡನ್ನೂ ವಾಟ್ಸಾಪಿಗೆ ಕಳಿಸಿದ.

ಡಿಪೋ ನಮ್ಮ ಮನೆ ಹತ್ತಿರವೇ ಇದೆ, ಹೊರಗಿನವರನ್ನು ಒಳಗೆ ಬಿಡಲ್ಲ ಅನ್ನೋದೂ ಗೊತ್ತು. ಅವನ ಬಂಡವಾಳವೇ ಅದು. ಗಾಡಿ ನೋಡ್ಬೇಕು ಅಂದ್ರೆ 'ಗೇಟ್ ಪಾಸ್ ಸಿಗಲ್ಲ ಸಾರ್, ಆರ್ಮಿ ಟ್ರಾನ್ಸ್‌ಪೋರ್ಟಿನವರೇ ಮನೆಗೆ ತರ್ತಾರೆ' ಅನ್ನೋ ಉತ್ತರ. ಅದಕ್ಕೆ ಮೊದಲು 2,150 ಕೇಳಿದ, ಕೊಟ್ಟೆ. ಮಾರನೇ ದಿನ ಗಾಡಿ ದಾರಿಯಲ್ಲಿದೆ, 5,100 ಡೆಪಾಸಿಟ್ ಹಾಕಿ, ಡೆಲಿವರಿ ಆದ್ಮೇಲೆ ವಾಪಸ್ ಬರುತ್ತೆ ಅಂದ. ಅದನ್ನೂ ಕೊಟ್ಟೆ. ಆಮೇಲೆ 'ಹಣ ಹಾಕೋದು ತಡವಾಯ್ತು, ದಂಡ 8,000' ಅಂದ. ಹೋದ 7,250 ರೂಪಾಯಿ ಉಳಿಸ್ಕೋಬೇಕು ಅನ್ನೋ ಆಸೆಯೇ ಮುಂದಿನ ಕಂತು ಕಟ್ಟಿಸುತ್ತೆ.

ಅಷ್ಟೊತ್ತಿಗೆ ಸೊಸೈಟಿ ಕೆಳಗಿನ ಗ್ಯಾರೇಜಿನ ಶೆಟ್ರು ಕೇಳಿದ್ರು: 'ಗಾಡಿ ನಂಬರ್ ನೋಡಿದ್ರಾ ಮಾರಾಯ್ರೆ?' ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದೆ. ಮಾಡೆಲ್ ಸರಿ ಇತ್ತು. ಮಾಲೀಕರ ಹೆಸರಲ್ಲಿ ಕೆಲವು ಅಕ್ಷರ ಮುಚ್ಚಿದ್ರೂ, ಮೊದಲ ಅಕ್ಷರವೇ ಅವನ ಐಡಿ ಕಾರ್ಡಿಗೆ ಹೊಂದಲಿಲ್ಲ. ಬೇರೆ ಯಾರದೋ ಗಾಡಿಯ ಫೋಟೋ ಅದು. ಡಿಪೋಗೂ ಅವನಿಗೂ ಸಂಬಂಧವೇ ಇರಲಿಲ್ಲ.

ಆದ್ರೆ ಹೆಸರು ಹೊಂದಿದ್ರೂ ಸಾಲದು. ನಿಜವಾದ ಮಾರಾಟಗಾರರಿಂದ ಆರ್‌ಸಿ ತರಿಸಿಕೊಂಡು ಅದನ್ನೇ ನಿಮಗೆ ಕಳಿಸಬಹುದು. ಆರ್‌ಸಿ ಅಸಲಿ ಅಂದ ಮಾತ್ರಕ್ಕೆ ಗಾಡಿ ಅವನ ಕೈಯಲ್ಲಿದೆ ಅಂತಲ್ಲ. ವಿಡಿಯೋ ಕಾಲ್‌ನಲ್ಲಿ ಸ್ಟಾರ್ಟ್ ಮಾಡಿ, ಚಾಸಿ ನಂಬರ್ ತೋರಿಸಿ ಅನ್ನಿ. ಸುಳ್ಳುಗಾರ ಅಲ್ಲೇ ಜಾರಿಕೊಳ್ತಾನೆ. ತೋರಿಸಿದ್ರೂ, ಗಾಡಿ ಮುಂದೆ ನಿಂತು, ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ, ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆಗೋ ತನಕ ಒಂದು ರೂಪಾಯಿನೂ ಬೇಡ. 'ವಾಪಸ್ ಕಳಿಸ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ' ಅಂದ್ರೂ ಮಾಡಬೇಡಿ. ಹಣ ಬರೋಕೆ ಪಿನ್ ಬೇಕಾಗಲ್ಲ. ಪಿನ್ ಒತ್ತಿದ್ರೆ ಹೋಗೋದೇ.

ಹಣ ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಯುಪಿಐ ವಹಿವಾಟಿನ ನಂಬರ್ ಕೊಡಿ. ಹಣ ಇನ್ನೂ ಅವನ ಖಾತೆಯಲ್ಲಿದ್ರೆ ಬ್ಯಾಂಕಿನವರು ತಡೆಹಿಡಿಯಬಹುದು. ನಾನು ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಖಾತೆ ಖಾಲಿಯಾಗಿತ್ತು.