ನೋಟ್‌ಬುಕ್‌ನಲ್ಲಿ ಬಂದ ಲಾಭ ಕೈಗೆ ಬಂದೀತೇ?

ಪಿರಿಯಾಪಟ್ಟಣದ ಕೇಳುಗರೊಬ್ಬರು ಒಂದು ತಿಂಗಳ ಲೆಕ್ಕ ಕಳಿಸಿದ್ದಾರೆ. ಕ್ರಿಪ್ಟೊದಲ್ಲಿ ಪೇಪರ್ ಟ್ರೇಡಿಂಗ್ ಮಾಡಿದ್ದಾರೆ. ಅಂದ್ರೆ ನಿಜವಾದ ದುಡ್ಡು ಹಾಕಿಲ್ಲ. ಈಗ ಕೊಂಡೆ, ಈಗ ಮಾರಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದಿದ್ದಾರೆ, ಅಷ್ಟೇ. ಅವರ ಪ್ರಶ್ನೆ: "ಸರ್, ಲಾಭ ಬಂದಿದೆ. ಈ ಸಲ ಹೊಗೆಸೊಪ್ಪಿನ ದುಡ್ಡಲ್ಲಿ ಒಂದು ಲಕ್ಷ ಹಾಕಲಾ?"

ಅವರ ನಿಯಮ ಸರಳವಾಗಿದೆ. ಬಿಟ್‌ಕಾಯಿನ್ ದರ ಹಿಂದಿನ 24 ಗಂಟೆಯ ಗರಿಷ್ಠ ದರ ದಾಟಿದರೆ 50,000 ರೂಪಾಯಿಗೆ ಖರೀದಿ. ಶೇ 3 ಏರಿದರೆ ಮಾರಬೇಕು, ಶೇ 3 ಇಳಿದರೂ ಮಾರಬೇಕು. ತಿಂಗಳಲ್ಲಿ 20 ವ್ಯವಹಾರ ಆಗಿವೆ. 12ರಲ್ಲಿ ತಲಾ 1,500 ಲಾಭ, 8ರಲ್ಲಿ ತಲಾ 1,500 ನಷ್ಟ. 18,000 ಬಂತು, 12,000 ಹೋಯ್ತು, ಉಳಿದದ್ದು 6,000. ಒಂದು ಲಕ್ಷಕ್ಕೆ ತಿಂಗಳಿಗೆ ಆರು ಪರ್ಸೆಂಟ್ ಅಂದ್ರೆ ಯಾರಿಗಾದ್ರೂ ಆಸೆಯಾಗುತ್ತೆ.

ಈಗ ಇದನ್ನೇ ನಿಜವಾದ ದುಡ್ಡಿನ ಲೆಕ್ಕಕ್ಕೆ ತರೋಣ. ಎಕ್ಸ್‌ಚೇಂಜ್ ಶುಲ್ಕ ಕೊಳ್ಳುವಾಗ ಶೇ 0.2, ಮಾರುವಾಗ ಶೇ 0.2 ಅಂತ ಇಟ್ಟುಕೊಳ್ಳಿ. ಒಂದು ವ್ಯವಹಾರಕ್ಕೆ 200 ರೂಪಾಯಿ, ಇಪ್ಪತ್ತಕ್ಕೆ 4,000.

ಎರಡನೇದು ದರದ ವ್ಯತ್ಯಾಸ. ಕಟ್ಟೆಮಳಲವಾಡಿ ಹರಾಜಿನಲ್ಲಿ ಪಕ್ಕದವರ ಬೇಲ್‌ಗೆ ಬಿದ್ದ ರೇಟು ನೋಡಿ, ಮನೇಲಿರೋ ನನ್ನ ಸೊಪ್ಪಿಗೂ ಅಷ್ಟೇ ಸಿಕ್ತು ಅಂತ ಬರೆದುಕೊಂಡ ಹಾಗಿದೆ ಇವರ ನೋಟ್‌ಬುಕ್. ತೆರೆಯ ಮೇಲೆ ಕಾಣೋದು ಬೇರೆ ಯಾರದ್ದೋ ಕೊನೆಯ ವ್ಯವಹಾರದ ದರ. ದರ ಮೇಲಕ್ಕೆ ಹಾರುತ್ತಿರುವಾಗ ನಾವು ಕೊಳ್ಳೋಕೆ ಹೋದ್ರೆ ಸ್ವಲ್ಪ ಜಾಸ್ತಿ ಕೊಡಬೇಕು, ಬೀಳುವಾಗ ಮಾರಿದರೆ ಸ್ವಲ್ಪ ಕಡಿಮೆ ಸಿಗುತ್ತೆ. ಪ್ರತಿ ಕಡೆ ಶೇ 0.1 ಹೋದರೂ ಒಟ್ಟು 2,000 ರೂಪಾಯಿ. ಅಲ್ಲಿಗೆ 6,000 ಪೂರ್ತಿ ಕರಗಿ ಸೊನ್ನೆ.

ಸೊನ್ನೆ ಬಂದರೆ ತೆರಿಗೆ ಇಲ್ಲ ಅಂದುಕೊಂಡ್ರಾ? ಇದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಆ ತೆರಿಗೆಯ ಮೇಲೆ ಶೇ 4 ಸೆಸ್. ಒಂದು ವ್ಯವಹಾರದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಅಂದ್ರೆ ಸೋತ ಎಂಟನ್ನ ಇಲಾಖೆ ಲೆಕ್ಕಕ್ಕೇ ತಗೊಳ್ಳಲ್ಲ, ಗೆದ್ದ ಹನ್ನೆರಡಕ್ಕೆ ತೆರಿಗೆ ಕೇಳುತ್ತೆ. ದರದ ವ್ಯತ್ಯಾಸ ಹೋಗಿ ಅವುಗಳ ಲಾಭ 16,800. ತೆರಿಗೆ ಸುಮಾರು 5,240. ನೋಟ್‌ಬುಕ್‌ನ 6,000 ಲಾಭ ಕೈಯಲ್ಲಿ 5,240 ನಷ್ಟ ಆಯ್ತು.

ಇದರ ಜೊತೆಗೆ 2022ರ ಜುಲೈಯಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್. ಇವರ ಮಾರಾಟ ಒಟ್ಟು ಸುಮಾರು 10 ಲಕ್ಷ, ಹಾಗಾಗಿ 10,000 ರೂಪಾಯಿ ಹಿಡಿತ. ಅದು ತೆರಿಗೆಗೆ ಜಮಾ ಆಗುತ್ತೆ, ಹೆಚ್ಚಾದದ್ದು ವಾಪಸ್ ಬರುತ್ತೆ ನಿಜ. ಆದರೆ ರಿಟರ್ನ್ ಸಲ್ಲಿಸಿ ಕಾಯಬೇಕು. ಅಲ್ಲಿವರೆಗೆ ನಿಮ್ಮ ಬಂಡವಾಳದ ಹತ್ತನೇ ಒಂದು ಭಾಗ ನಿಮ್ಮ ಕೈಯಲ್ಲಿರಲ್ಲ.

ಇನ್ನು, 20ರಲ್ಲಿ 12 ಗೆದ್ದದ್ದು ಜಾಣತನವೋ ಅದೃಷ್ಟವೋ? ನಾಲ್ಕು ಜನ ತಲಾ 20 ಸಲ ನಾಣ್ಯ ಚಿಮ್ಮಿದರೆ, ಸರಾಸರಿ ಒಬ್ಬರಿಗೆ 12 ಅಥವಾ ಅದಕ್ಕಿಂತ ಹೆಚ್ಚು ಸಲ 'ತಲೆ' ಬೀಳುತ್ತೆ. ಹಾಗಾಗಿ ಈ 12ರಿಂದ ಏನೂ ಸಾಬೀತಾಗಲ್ಲ. ಅದೇ 100ರಲ್ಲಿ 60 ಗೆದ್ದರೆ ಮಾತು ಬೇರೆ. ಬರೀ ಅದೃಷ್ಟದಿಂದ ಅಷ್ಟು ಬರೋ ಸಾಧ್ಯತೆ ನೂರಕ್ಕೆ ಸುಮಾರು ಮೂರು. ಇದೇ ವೇಗದಲ್ಲಿ ಅದಕ್ಕೆ ಐದು ತಿಂಗಳು ಬೇಕು. ನಡುವೆ ನಿಯಮ ಬದಲಿಸಿದರೆ ಎಣಿಕೆ ಮತ್ತೆ ಒಂದರಿಂದ ಶುರು.

ತಿಂಗಳು ಯಾವುದು ಅನ್ನೋದೂ ಮುಖ್ಯ. 2022ರ ಅಕ್ಟೋಬರ್‌ನಲ್ಲಿ ಬಿಟ್‌ಕಾಯಿನ್ ಬಹುತೇಕ 20 ಸಾವಿರ ಡಾಲರ್ ಆಸುಪಾಸಿನಲ್ಲೇ ಇತ್ತು. ನವೆಂಬರ್ 11ಕ್ಕೆ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ದಿವಾಳಿ ಅರ್ಜಿ ಹಾಕಿತು. ಆ ವಾರ ದರ 16 ಸಾವಿರಕ್ಕಿಂತ ಕೆಳಗೆ ಹೋಗಿಬಂತು. ಅಕ್ಟೋಬರ್‌ನ ನೋಟ್‌ಬುಕ್‌ನಲ್ಲಿ ಇದರ ಸುಳಿವೂ ಇರುತ್ತಿರಲಿಲ್ಲ. ಹದವಾದ ಮಳೆ ಬಂದ ಒಂದು ವರ್ಷದ ಬೆಳೆ ನೋಡಿ ಜಮೀನಿಗೆ ಬೆಲೆ ಕಟ್ಟೋಕಾಗುತ್ತಾ?

ಹಾಗಾದ್ರೆ ತಿಂಗಳು ವ್ಯರ್ಥವಾಯ್ತಾ? ಇಲ್ಲ. ನಿಯಮದಲ್ಲಿ ಗೊಂದಲ ಇಲ್ಲ ಅಂತ ಗೊತ್ತಾಯ್ತು. ತಿಂಗಳಿಗೆ ಎಷ್ಟು ವ್ಯವಹಾರ ಅಂತ ಗೊತ್ತಾಯ್ತು, ಅದರಿಂದಲೇ ನಾವಿವತ್ತು ಖರ್ಚು ಲೆಕ್ಕ ಹಾಕೋಕಾಯ್ತು. ರಾತ್ರಿ ಮೂರು ಗಂಟೆಗೆ ಬಂದ ಸೂಚನೆಗಳು ತಪ್ಪಿಹೋದವು ಅಂತ ಅವರೇ ಬರೆದಿದ್ದಾರೆ; ಮುಂದೆ ಅವನ್ನೂ ಬೇರೆ ಕಾಲಂನಲ್ಲಿ ಬರೀರಿ. ಕೊನೆಯ ದರ ಬಿಟ್ಟು, ಆ ಕ್ಷಣ ಮಾರುವವರು ಕೇಳುತ್ತಿದ್ದ ದರ ಬರೀರಿ. ಪ್ರತಿ ಸಾಲಿನ ಪಕ್ಕ ಶುಲ್ಕ ಮತ್ತು ತೆರಿಗೆ ಕಳೆದು ಉಳಿದದ್ದು ಬರೀರಿ.

ಅವರ ಪ್ರಶ್ನೆಗೆ ನನ್ನ ಉತ್ತರ: ಈ ಲೆಕ್ಕ ನೋಡಿ ಲಕ್ಷ ಹಾಕಬೇಡಿ. ಬೇಲ್ ಮಾರಿ ಬಂದ ದುಡ್ಡು ಬ್ಯಾಂಕಲ್ಲೇ ಇರಲಿ. ನೋಟ್‌ಬುಕ್ ಇನ್ನೂ ನಾಲ್ಕು ತಿಂಗಳು ನಡೀಲಿ. ಆಮೇಲೆ ಮತ್ತೆ ಕಳಿಸಿ, ಕೂತು ನೋಡೋಣ.