ಚಿನ್ನದ ನ್ಯೂಕ್ಲಿಯಸ್ಸನ್ನು ಅವರು ಮುಟ್ಟಲೇ ಇಲ್ಲ

ಲಿಂಗಂಪಲ್ಲಿಯ ಮನೆಯಿಂದಲೇ ಮಾತಾಡ್ತಿದ್ದೀನಿ, ಮಧ್ಯೆ ರೈಲಿನ ಹಾರನ್ ಕೇಳಿಸಿದರೆ ಬೇಜಾರಾಗಬೇಡಿ. ಚಿನ್ನದ ಹಾಳೆಯ ಪ್ರಯೋಗದಲ್ಲಿ ನ್ಯೂಕ್ಲಿಯಸ್ಸಿನ ಗಾತ್ರ ಅಳೆದರು ಅಂತ ಹೋದ ಸಲ ಹೇಳಿಬಿಟ್ಟೆ. ಅದು ಪೂರ್ತಿ ಸರಿಯಲ್ಲ.

1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಲೋಹದ ಹಾಳೆಗಳತ್ತ ಆಲ್ಫಾ ಕಣ ಬಿಟ್ಟರು. ಹೆಚ್ಚುಕಮ್ಮಿ ಎಲ್ಲವೂ ದಾಟಿಹೋದವು, ಎಲ್ಲೋ ಸಾವಿರಾರರಲ್ಲಿ ಒಂದು ವಾಪಸ್ ಬಂತು. ಪಾಸಿಟಿವ್ ಚಾರ್ಜ್ ಪರಮಾಣುವಿನ ತುಂಬ ಹರಡಿದ್ದರೆ ಹೀಗಾಗಲ್ಲ, ಅದು ಒಂದೇ ಕಡೆ ಗುಡ್ಡೆಯಾಗಿರಬೇಕು ಅಂತ ರುದರ್‌ಫೋರ್ಡ್ 1911ರಲ್ಲಿ ತೋರಿಸಿದರು.

ಗುಡ್ಡೆ ಎಷ್ಟು ಸಣ್ಣದು? ನೇರ ಎದುರಿಗೆ ಹೋದ ಕಣ, ಏರು ಹತ್ತುವ ಸೈಕಲ್ ಥರ ನಿಧಾನವಾಗುತ್ತಾ, ಶಕ್ತಿಯೆಲ್ಲ ಮುಗಿದಾಗ ನಿಂತು ಹಿಂದಿರುಗುತ್ತೆ. ಕಣದ ಚಾರ್ಜ್ 2, ಚಿನ್ನದ್ದು 79, ಕಣದ ಶಕ್ತಿ 7.7 MeV. ನಿಲ್ಲುವ ದೂರ:

```
d = 2 × 79 × 1.44 / 7.7 ≈ 30 fm
```

ಚಿನ್ನದ ಪರಮಾಣುವಿನ ತ್ರಿಜ್ಯವೇ ಸುಮಾರು 1,40,000 ಫೆಮ್ಟೊಮೀಟರ್. ಅದರಲ್ಲಿ ಬರೀ 30!

ಆದರೆ ನೋಡಿ, 30 ಅನ್ನೋದು ಕಣ ತಿರುಗಿದ ಜಾಗ, ನ್ಯೂಕ್ಲಿಯಸ್ಸಿನ ಅಂಚಲ್ಲ. ನ್ಯೂಕ್ಲಿಯಸ್ ಇದಕ್ಕಿಂತ ದೊಡ್ಡದಲ್ಲ ಅಂತಷ್ಟೇ ಹೇಳಬಹುದು. ನಿಜವಾದ ತ್ರಿಜ್ಯ ಸುಮಾರು 7. ಮುಟ್ಟಿಲ್ಲ ಅಂತ ಗೊತ್ತಾಗೋದು ಹೇಗೆ? ಮುಟ್ಟಿದ್ದರೆ ಇನ್ನೊಂದು ಬಲ ಅಡ್ಡಬಂದು ಲೆಕ್ಕ ಕೆಡುತ್ತಿತ್ತು. 1913ರಲ್ಲಿ ಇವರಿಬ್ಬರೂ ಬೇರೆಬೇರೆ ಕೋನಗಳಲ್ಲಿ ಎಣಿಸಿದ್ದು ರುದರ್‌ಫೋರ್ಡ್ ಸೂತ್ರಕ್ಕೆ ಸರಿಹೊಂದಿತು. ಅಲ್ಯೂಮಿನಿಯಮ್‌ನ ಚಾರ್ಜ್ 13 ಮಾತ್ರ, ಏರು ಕಮ್ಮಿ, ಕಣ ತೀರಾ ಹತ್ತಿರ ಹೋಗುತ್ತೆ. 1920ರ ದಶಕದಲ್ಲಿ ಅಲ್ಲಿ ಎಣಿಕೆ ಸೂತ್ರದ ಜೊತೆ ತಾಳೆಯಾಗಲಿಲ್ಲ.