ತಿಂದು ಅನ್ನೋದಾ, ತಿನ್ನಿ ಅನ್ನೋದಾ: ಅಜ್ಜಿಗೆ ಬರೆದ ನಾಲ್ಕು ಸಾಲು

ಇವತ್ತು ಒಂದು ಚೀಟಿ ಇಟ್ಕೊಂಡು ಮಾತಾಡೋಣ. ಇದನ್ನ ನಾನೇ ಬರೆದದ್ದು, ಆದರೆ ತಪ್ಪುಗಳು ನನ್ನವಲ್ಲ. ಪುಣೆ, ಮುಂಬೈ ಕಡೆ ಬೆಳೆದ ನಮ್ಮ ಮಕ್ಕಳ ವಾಟ್ಸಾಪ್ ಮೆಸೇಜಲ್ಲಿ ದಿನಾ ಕಾಣೋವು. ಅಪ್ಪ ಅಮ್ಮ ಆಫೀಸಿಗೆ ಹೋಗಿದ್ದಾರೆ, ಊರಿಂದ ಅಜ್ಜಿ ಬಂದಿದ್ದಾರೆ. ಕಾಲೇಜಿಗೆ ಹೊರಟ ಮೊಮ್ಮಗಳು ಫ್ರಿಜ್ ಮೇಲೆ ಹೀಗೆ ಅಂಟಿಸಿದ್ದಾಳೆ ಅಂದ್ಕೊಳ್ಳಿ:

"ಅಜ್ಜಿ, ತಿಂಡಿ ತಿನ್ನಿ ಬಿಳಿ ಮಾತ್ರೆ ತಗೊಳ್ಳಿ. ನೀರು ಕುದಿದು ಫ್ಲಾಸ್ಕಿಗೆ ಹಾಕಿ. ತಲೆ ಸುತ್ತು ಬಂದರು ಫೋನ್ ಮಾಡಿ. ಊಟ ಮಾಡಿ ಹಳದಿ ಮಾತ್ರೆ ತಗೋಬೇಡಿ."

ಮೊದಲ ಸಾಲು ನೋಡಿ. ಅವಳು ಹೇಳಬೇಕಿದ್ದದ್ದು "ತಿಂಡಿ ತಿಂದು". ಮರಾಠಿಯಲ್ಲಿ ಯಾವ ಕ್ರಿಯಾಪದ ಬಂದರೂ ಕೊನೆಗೆ ಊನ್ ಸೇರಿಸಿದರೆ ಆಯ್ತು, ಖಾಊನ್, ಕರೂನ್. ಹಿಂದಿಯಲ್ಲಿ ಕರ್. ಕನ್ನಡದಲ್ಲೂ ಹಾಗೇ ಒಂದೇ ಪ್ರತ್ಯಯ ಇದೆ, ಅದು ಇ, ಅಂತ ಮಕ್ಕಳು ತಿಳ್ಕೋತಾರೆ. ಮಾಡು, ಹಾಕು, ಒತ್ತು ಇಂಥವಕ್ಕೆ ಅದು ಸರಿಹೋಗತ್ತೆ: ಮಾಡಿ, ಹಾಕಿ, ಒತ್ತಿ. ತೊಂದರೆ ಏನಂದ್ರೆ ಇವುಗಳಲ್ಲಿ "ನೀವು ಮಾಡಿ" ಅನ್ನೋ ಆಜ್ಞೆಯೂ "ಮಾಡಿ ಆಮೇಲೆ" ಅನ್ನೋದೂ ಒಂದೇ ರೂಪ. ಹಾಗಾಗಿ ಆಜ್ಞೆಯ ರೂಪವನ್ನೇ ಎಲ್ಲ ಕಡೆ ಹಾಕಿಬಿಡ್ತಾರೆ: ಕೊಟ್ಟು ಬದಲು ಕೊಡಿ, ಇಟ್ಟು ಬದಲು ಇಡಿ, ತಿಂದು ಬದಲು ತಿನ್ನಿ.

ಪಟ್ಟಿ ಬಾಯಿಪಾಠ ಮಾಡಿಸಬೇಡಿ. "ನಿನ್ನೆ ಅವನು ಏನು ಮಾಡಿದ?" ಅಂತ ಕೇಳಿ. ತಿಂದ, ಕೊಟ್ಟ, ಬಂದ ಅಂತ ಉತ್ತರ ಬರತ್ತೆ. ಕೊನೆಯ ಅಕಾರ ಉಕಾರ ಆದರೆ ತಿಂದು, ಕೊಟ್ಟು, ಬಂದು. ಅದೇ ರೂಪಕ್ಕೆ ರೆ ಹಚ್ಚಿದರೆ ತಿಂದರೆ, ಕೊಟ್ಟರೆ, ಬಂದರೆ. "ಕೊಡಿದರೆ", "ತಿನ್ನಿದರೆ" ಅನ್ನೋ ತಪ್ಪುಗಳು ಇಲ್ಲೇ ನಿಲ್ಲತ್ತೆ. ಮಾಡಿದ, ಹಾಕಿದ ಥರದವಕ್ಕೆ ಮಾತ್ರ ದ ಬಿಟ್ಟು ಮಾಡಿ, ಹಾಕಿ ಅನ್ನಬೇಕು. ರೆ ಹಚ್ಚುವಾಗ ದ ಉಳಿಯತ್ತೆ, ಮಾಡಿದರೆ. ಹೋಗು, ಆಗು ಎರಡೂ ಸ್ವಲ್ಪ ತರಲೆ: ಹೋಗಿ, ಆಗಿ, ಆದರೆ ಹೋದರೆ, ಆದರೆ. "ಆಗಿದರೆ" ಅಂತ ಕೇಳಿದ ತಕ್ಷಣ ಇದು ಹೊರಗೆ ಬೆಳೆದ ಕನ್ನಡ ಅಂತ ಗೊತ್ತಾಗತ್ತೆ.

ಎರಡನೇ ಸಾಲಲ್ಲಿ ರೂಪ ಸರಿಯಿದೆ, ಕುದಿದು. ಆದರೂ ಕಿವಿಗೆ ಒಪ್ಪಲ್ಲ. ಕುದಿಯೋದು ನೀರು, ಫ್ಲಾಸ್ಕಿಗೆ ಹಾಕೋದು ಅಜ್ಜಿ. "ಮಳೆ ಬಂದು ಕೆರೆ ತುಂಬಿತು" ಅಂತೀವಲ್ಲ, ಅಲ್ಲಿ ಇಬ್ಬರು ಕರ್ತೃ ಇಲ್ವಾ ಅಂತ ಯಾರಾದರೂ ಕೇಳ್ತೀರಿ. ಇದ್ದಾರೆ, ಆದರೆ ಅಲ್ಲಿ ಒಂದರಿಂದ ಇನ್ನೊಂದು ತಾನಾಗೇ ಆಯ್ತು. ಇಲ್ಲಿ ಹಾಗಲ್ಲ, ಅಜ್ಜಿ ಕೈಯಾರೆ ಹಾಕಬೇಕು. ಅದಕ್ಕೆ ಎರಡು ಕೆಲಸವೂ ಅಜ್ಜಿಯದೇ ಆಗಬೇಕು: "ನೀರು ಕುದಿಸಿ ಫ್ಲಾಸ್ಕಿಗೆ ಹಾಕಿ". ಇಲ್ಲವೇ "ನೀರು ಕುದಿದ ಮೇಲೆ" ಅನ್ನಿ. "ಕುದಿದರೆ" ಅಂದ್ರೆ ಕುದಿಯುತ್ತೋ ಇಲ್ವೋ ಅನ್ನೋ ಅನುಮಾನ ಸೇರ್ಕೊಳ್ಳತ್ತೆ.

ಮೂರನೆಯದು ಒಂದೇ ಅಕ್ಷರದ ವಿಷಯ. ಬಂದರೆ ಅಂದ್ರೆ ಷರತ್ತು. ಬಂದರು ಅಂದ್ರೆ ಯಾರೋ ಬಂದಿದ್ದು ಆಯ್ತು. ಬಂದರೂ ಅಂದ್ರೆ ಏನೇ ಆಗಲಿ ಅನ್ನೋ ಅರ್ಥ. ಮಾತಲ್ಲಿ ಬಂದ್ರೆ, ಬಂದ್ರು, ಬಂದ್ರೂ. ಮೊಮ್ಮಗಳ ಸಾಲನ್ನ ಅಜ್ಜಿ "ಬಂದರೂ" ಅಂತ ಓದಿದರೂ ಹೇಗೋ ಫೋನ್ ಮಾಡ್ತಾರೆ. "ತಲೆ ಸುತ್ತು ಬಂದರೆ ಮಾತ್ರೆ ನಿಲ್ಲಿಸಿ" ಅನ್ನೋ ಕಡೆ ಒಂದು ಅಕ್ಷರ ಜಾರಿ "ಬಂದರೂ" ಆದರೆ? ಸುತ್ತು ಬರಲಿ ಬಿಡಲಿ ನಿಲ್ಲಿಸಿ ಅಂತ ಆಗತ್ತೆ.

ಕೊನೆಯ ಸಾಲಿಗೇ ನಾನು ಹೆಚ್ಚು ಹೆದರೋದು, ಯಾಕಂದ್ರೆ ವ್ಯಾಕರಣದಲ್ಲಿ ತಪ್ಪೇ ಇಲ್ಲ. "ಊಟ ಮಾಡಿ ಹಳದಿ ಮಾತ್ರೆ ತಗೋಬೇಡಿ." ಮಾಡಿ ಅನ್ನೋದನ್ನ ಆಜ್ಞೆ ಅಂತ ಓದಿದರೆ, ಊಟ ಮಾಡಿ, ಹಳದಿ ಮಾತ್ರೆ ಮಾತ್ರ ಬೇಡವೇ ಬೇಡ. ಆಮೇಲೆ ಅಂತ ಓದಿದರೆ, ಊಟ ಆದ ಮೇಲೆ ಬೇಡ, ಅಂದ್ರೆ ಖಾಲಿ ಹೊಟ್ಟೆಗೆ ತಗೊಳ್ಳಿ. ಡಾಕ್ಟರ್ ಹೇಳಿದ್ದು ಎರಡನೆಯದು ಆಗಿದ್ದು ಅಜ್ಜಿ ಮೊದಲನೆಯದಾಗಿ ಓದಿದರೆ ಆ ದಿನದ ಮಾತ್ರೆ ತಪ್ಪಿತು. ಕೊನೆಗೆ ಬೇಡಿ ಬರೋ ವಾಕ್ಯದಲ್ಲಿ, ಅದರ ಹಿಂದೆ ಮಾಡಿ, ಹಾಕಿ ಥರದ ರೂಪ ಇದ್ದರೆ, ಬಿಡಿಸಿ ಬರೆಯಿರಿ. ಅಲ್ಪವಿರಾಮ ನಂಬಬೇಡಿ, ಕೈಬರಹದಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ.

ಈಗ ಚೀಟಿ ಹೀಗಾಗತ್ತೆ:

"ಅಜ್ಜಿ, ತಿಂಡಿ ತಿಂದು ಬಿಳಿ ಮಾತ್ರೆ ತಗೊಳ್ಳಿ. ನೀರು ಕುದಿಸಿ ಫ್ಲಾಸ್ಕಿಗೆ ಹಾಕಿ. ತಲೆ ಸುತ್ತು ಬಂದರೆ ಫೋನ್ ಮಾಡಿ. ಹಳದಿ ಮಾತ್ರೆ ಊಟಕ್ಕೆ ಮುಂಚೆ ತಗೊಳ್ಳಿ, ಊಟ ಆದ ಮೇಲೆ ಬೇಡ."